‘ಕ್ಕೋ’ ಕುಗ್ಗದಿರಲಿ

ಈ ವಾರ ಲೇಯರ್‌ಗಳ ಬಗ್ಗೆ ಬರೆಯುತ್ತೇನೆ ಎಂದಿದ್ದೆ. ಅದಕ್ಕೆ ಮೊದಲು ಸ್ಟೆಬಿಲೈಸೇಶನ್‌ನ ಹಳೇ ಜಗಳವೊಂದು ಮುಗಿಯಬೇಕು. ಚಿಕ್ಕೋಡಿ, ನಿಪ್ಪಾಣಿ, ಅಥಣಿಯ ಪೇಟೆಗಳಲ್ಲಿ ಹೊಸದಾಗಿ ಏರಿದ ಬೋರ್ಡುಗಳನ್ನು ನೋಡಿ. ಟ್ಯಾಬ್‌ನಲ್ಲಿ ಬರೆದದ್ದು ಯಾವುದೆಂದು ರಸ್ತೆಯ ಆಚೆ ಬದಿಯಿಂದಲೇ ತಿಳಿಯುತ್ತದೆ. ಗೆರೆ ಬೆಣ್ಣೆಯಷ್ಟು ನುಣುಪು, ಆದರೆ ತಲೆಕಟ್ಟಿನ ತುದಿ ಸವೆದಿರುತ್ತದೆ, ಒತ್ತಕ್ಷರ ಕುಗ್ಗಿರುತ್ತದೆ.

‘ಸ್ಟೆಬಿಲೈಸೇಶನ್ 80ರ ಮೇಲಿಡಿ, ಕೈ ನಡುಗಿದ್ದು ಕಾಣುವುದಿಲ್ಲ’ ಎಂದು ಕಲಿಸುವವರ ಒಂದು ಪಂಥವೇ ಇದೆ. ಇಂಗ್ಲಿಷಿನ ಕೂಡಕ್ಷರ ಬರೆಯುವವರಿಗೆ ಆ ಮಾತು ಸರಿ. ಅವರ ಗೆರೆಗಳು ಉದ್ದ, ಬಾಗು ದೊಡ್ಡದು. ಕನ್ನಡದ ಜೀವ ಇರುವುದು ಚಿಕ್ಕ ಸುಳಿಗಳಲ್ಲಿ. ಸ್ಟೆಬಿಲೈಸೇಶನ್ ಮಾಡುವುದೇನು? ಪೆನ್ನು ಈಚೆಗೆ ದಾಟಿಬಂದ ಹಲವು ಬಿಂದುಗಳ ಸರಾಸರಿ ತೆಗೆದು ಅದರ ಮೇಲೆ ಗೆರೆ ಎಳೆಯುತ್ತದೆ. ನೇರ ಗೆರೆಯ ಸರಾಸರಿ ನೇರವೇ ಇರುತ್ತದೆ. ಸಣ್ಣ ವೃತ್ತದ ಸರಾಸರಿ ಮಾತ್ರ ವೃತ್ತದ ಒಳಕ್ಕೆ ಬೀಳುತ್ತದೆ, ಹಾಗಾಗಿ ಸುಳಿ ಕಿರಿದಾಗುತ್ತದೆ, ಮೂಲೆ ಉರುಟಾಗುತ್ತದೆ. ಪ್ರೊಕ್ರಿಯೇಟ್‌ನಲ್ಲಿ ಪೆನ್ನು ಬೇಗ ಓಡಿದಷ್ಟೂ ಈ ಸವೆತ ಹೆಚ್ಚು. ಪೆನ್ನು ಸುಳಿ ಮುಗಿಸಿದಾಗ ಬಣ್ಣ ಇನ್ನೂ ಹಿಂದೆಯೇ ಉಳಿದಿದ್ದರೆ ಅಂಕಿ ಅತಿಯಾಯಿತು ಎಂದರ್ಥ.

‘ಚಿಕ್ಕೋಡಿ’ ಎಂದೇ ಬರೆದು ನೋಡೋಣ. ‘ಚಿ’, ‘ಡಿ’ಗಳ ಗುಡಿಸು ದೊಡ್ಡ ಬಾಗು, ಅದಕ್ಕೆ 30ರ ಆಸುಪಾಸು ನಡೆಯುತ್ತದೆ. ಪರೀಕ್ಷೆ ಇರುವುದು ‘ಕ್ಕೋ’ದಲ್ಲಿ. ತಲೆಯ ಮೇಲೆ ಎತ್ವ, ಬಲಕ್ಕೆ ಕೊಂಬಿನ ಸುಳಿ, ಅದರಾಚೆ ದೀರ್ಘ, ಕೆಳಗೆ ಕ-ಒತ್ತು. ಇಲ್ಲಿ ನಾನು 10ಕ್ಕೆ ಇಳಿಸಿ, ನಿಧಾನವಾಗಿ ಬರೆಯುತ್ತೇನೆ. ಒತ್ತನ್ನು ಬೇರೆ ಲೇಯರ್‌ನಲ್ಲಿ ಎರಡು ಪಟ್ಟು ದೊಡ್ಡದಾಗಿ ಬರೆದು ಕುಗ್ಗಿಸುವುದು ಇನ್ನೂ ಒಳ್ಳೆಯದು. ಆಗ ಬ್ರಷ್ಷನ್ನೂ ಎರಡು ಪಟ್ಟು ದಪ್ಪ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಕುಗ್ಗಿದ ಒತ್ತಿನ ಗೆರೆ ಸೊರಗಿ ಮೇಲಿನ ‘ಕ’ಕ್ಕೆ ಹೊಂದುವುದಿಲ್ಲ. ಚಿಕ್ಕದನ್ನು ಹಿಗ್ಗಿಸುವುದು ಬೇಡವೇ ಬೇಡ, ಅಂಚು ಮಸುಕಾಗುತ್ತದೆ.

ಈಗ ಲೇಯರ್‌ಗಳ ಮಾತು. ಅಡಿಯಲ್ಲಿ ನಾಲ್ಕು ಗೆರೆಗಳ ಲೇಯರ್ ಇರಲಿ: ಅಕ್ಷರ ಕೂರುವ ಗೆರೆ, ಅಕ್ಷರದ ಮೈಯ ಎತ್ತರ, ಎತ್ವ-ಗುಡಿಸುಗಳ ಎತ್ತರ, ಒತ್ತಿನ ಆಳ. ಅದರ ಮೇಲೆ ಕರಡು, ಕಾಣುವಷ್ಟೇ ತೆಳುವಾಗಿ. ಅದರ ಮೇಲೆ ಒಂದೊಂದು ಅಕ್ಷರಕ್ಕೆ ಒಂದೊಂದು ಲೇಯರ್. ‘ಕ್ಕೋ’ದ ದೀರ್ಘ ‘ಡಿ’ಗೆ ತಾಗಿದರೆ ‘ಡಿ’ಯನ್ನಷ್ಟೇ ಸರಿಸಬಹುದು. ಎಂಟಡಿ-ಮೂರಡಿ ಫ್ಲೆಕ್ಸಿಗೆ ಇಂಚಿಗೆ 72 ಪಿಕ್ಸೆಲ್‌ನಂತೆ 6912×2592ರ ಹಾಳೆ ಬೇಕಾಗುತ್ತದೆ. ಹಾಳೆ ದೊಡ್ಡದಾದಷ್ಟೂ ಟ್ಯಾಬ್ ಕೊಡುವ ಲೇಯರ್ ಕಡಿಮೆ, ಆದ್ದರಿಂದ ಅಳತೆ ಮೊದಲೇ ಗೊತ್ತಾಗಲಿ.

ಪೆನ್ನಿನ ಒತ್ತಡದ ವಿಷಯದಲ್ಲೂ ಅದೇ ಪಂಥದ ಪ್ರಭಾವ. ಒತ್ತಿದರೆ ದಪ್ಪ, ಎತ್ತಿದರೆ ತೆಳುವಾಗುವ ಬ್ರಷ್ ಲಗ್ನಪತ್ರಿಕೆಗೆ ಚೆಂದ. ಬೋರ್ಡಿನಲ್ಲಿ ಕೈ ಎತ್ತುವಾಗ ಗುಡಿಸಿನ ತುದಿ ಕೂದಲಿನಷ್ಟಾಗಿ ದೂರದಿಂದ ಕಾಣದೇ ಹೋಗುತ್ತದೆ. ಹಳೇ ಪೇಂಟರರ ಚಪ್ಪಟೆ ಬ್ರಷ್ಷಿನಲ್ಲಿ ದಪ್ಪ-ತೆಳು ಬರುತ್ತಿದ್ದದ್ದು ಬಹುಮಟ್ಟಿಗೆ ಬ್ರಷ್ ಹಿಡಿದ ಕೋನದಿಂದ. ಟ್ಯಾಬ್‌ನಲ್ಲೂ ಅದನ್ನೇ ಪಡೆಯಬಹುದು. ಚಪ್ಪಟೆ ಆಕಾರದ ಬ್ರಷ್ ಆರಿಸಿ, ಕೋನ ತಿರುಗದಂತೆ ನಿಲ್ಲಿಸಿ, ಒತ್ತಡದಿಂದ ಗಾತ್ರ ಬದಲಾಗುವುದನ್ನು ಸೊನ್ನೆಯ ಹತ್ತಿರಕ್ಕೆ ತನ್ನಿ, ತುದಿ ಚೂಪಾಗಿಸುವ Taper ಪೂರ್ತಿ ತೆಗೆಯಿರಿ.

ನಮ್ಮ ಗಡಿಯಲ್ಲಿ ಇನ್ನೊಂದು ತೊಡಕಿದೆ. ಒಂದೇ ಬೋರ್ಡಿನಲ್ಲಿ ಕನ್ನಡವೂ ಮರಾಠಿಯೂ ಇರುತ್ತವೆ. ನಾಗರಿಯ ಶಿರೋರೇಖೆ ಉದ್ದನೆಯ ನೇರ ಗೆರೆ. ಎಳೆದು ಪೆನ್ನನ್ನು ಅಲ್ಲೇ ಒತ್ತಿ ಹಿಡಿದರೆ ಪ್ರೊಕ್ರಿಯೇಟ್ ತಾನೇ ನೆಟ್ಟಗೆ ಮಾಡಿಕೊಡುತ್ತದೆ, ಹೆಚ್ಚಿನ ಸ್ಟೆಬಿಲೈಸೇಶನ್ನೂ ಅದಕ್ಕೆ ಒಗ್ಗುತ್ತದೆ. ಅದೇ ಅಂಕಿಯಲ್ಲಿ ಕನ್ನಡಕ್ಕೂ ಕೈಹಾಕುವುದೇ ತಪ್ಪು. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಕನ್ನಡ ಮತ್ತು ನಾಗರಿ ಬರಹಗಳನ್ನು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ: ಒಂದೇ ಕಲ್ಲು, ಆದರೆ ಒಂದು ಲಿಪಿಯ ಚಹರೆ ಇನ್ನೊಂದಕ್ಕೆ ಅಂಟಿಲ್ಲ. ಎರಡು ಲಿಪಿಗೆ ಎರಡು ಬ್ರಷ್ ಉಳಿಸಿಕೊಳ್ಳಿ, ಹೆಸರಿಟ್ಟು.

ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ ಕಾನೂನು 2024ರಲ್ಲಿ ಬಂತು. ಅದು ಕೇಳುವುದು ಜಾಗವನ್ನು, ಅಕ್ಷರದ ಚೆಂದ ಬರೆಯುವವರ ಪಾಲಿನದು. ಫ್ಲೆಕ್ಸ್ ಅಂಗಡಿಗೆ ಫೈಲ್ ಕಳಿಸುವ ಮೊದಲು ಪೂರ್ತಿ ಬೋರ್ಡನ್ನು ಪರದೆಯ ಮೇಲೆ ಹೆಬ್ಬೆರಳಿನಷ್ಟು ಚಿಕ್ಕದಾಗಿಸಿ ನೋಡಿ. ‘ಕ್ಕೋ’ದ ಒತ್ತು ‘ಕ’ ಎಂದೇ ಓದಿಸಿಕೊಂಡರೆ ಕಳಿಸಿ. ಬರಿಯ ಚುಕ್ಕೆಯಂತೆ ಕಂಡರೆ ಆ ಒಂದು ಲೇಯರ್ ಅಳಿಸಿ ಮತ್ತೆ ಬರೆಯಿರಿ.