ಮೂರು ಕೊಟೇಶನ್ ತರಿಸಿದರೆ ಸಾಲದು

ಮೂರು ಕಡೆಯಿಂದ ಕೊಟೇಶನ್ ತರಿಸಿ, ಕಡಿಮೆ ದರ ಹೇಳಿದವರಿಗೆ ಕೆಲಸ ಕೊಟ್ಟರೆ ವ್ಯವಹಾರ ಚೊಕ್ಕ ಎಂಬ ನಂಬಿಕೆ ನಮ್ಮ ಸಂಘ-ಸಂಸ್ಥೆಗಳಲ್ಲಿ ಬಲವಾಗಿ ಬೇರೂರಿದೆ. ಕಡತದಲ್ಲಿ ಮೂರು ಹಾಳೆ ಇದ್ದರೆ ಯಾರೂ ಬೆರಳು ತೋರಿಸುವುದಿಲ್ಲ. ಆದರೆ ಆ ಮೂವರೂ ಒಂದೇ ವಸ್ತುವಿಗೆ ದರ ಹೇಳಿದ್ದಾರೆಯೇ ಎಂದು ಕೇಳುವವರು ಕಡಿಮೆ. ಅದು ತೀರ್ಮಾನವಾಗುವುದು ಉತ್ತರಗಳು ಬಂದ ಮೇಲಲ್ಲ, ನಾವು ಕಳಿಸುವ ಮೇಲ್‌ನಲ್ಲೇ.

ಪುಸ್ತಕ ಮುದ್ರಣವನ್ನೇ ತೆಗೆದುಕೊಳ್ಳಿ. ‘ಸುಮಾರು 200 ಪುಟ, 1000 ಪ್ರತಿ, ಒಳ್ಳೆಯ ಕಾಗದ, ನಿಮ್ಮ ಅತ್ಯುತ್ತಮ ದರ ತಿಳಿಸಿ’ ಎಂದು ಮೂರು ಮುದ್ರಣಾಲಯಗಳಿಗೆ ಬರೆದೆವು ಎನ್ನೋಣ. ಒಬ್ಬರು ಪ್ರತಿಗೆ 58 ರೂಪಾಯಿ ಎನ್ನುತ್ತಾರೆ, ಇನ್ನೊಬ್ಬರು 66, ಮತ್ತೊಬ್ಬರು 73. ಸಭೆಯಲ್ಲಿ 58ಕ್ಕೆ ಒಪ್ಪಿಗೆ ಸಿಗುತ್ತದೆ. ಆ 58ರೊಳಗೆ 60 ಜಿಎಸ್‌ಎಂ ಕಾಗದ, ಬರೀ ಅಂಟು ಹಾಕಿದ ಬೈಂಡಿಂಗ್ ಇದೆ. ತೆರಿಗೆ, ಸಾಗಣೆ ಎರಡೂ ಹೊರಗಿವೆ. 66ರೊಳಗೆ 70 ಜಿಎಸ್‌ಎಂ ಮ್ಯಾಪ್‌ಲಿಥೋ, ಸೆಕ್ಷನ್ ಹೊಲಿಗೆ, ತೆರಿಗೆ, ನಮ್ಮ ಬಾಗಿಲಿಗೆ ತಲುಪಿಸುವ ಖರ್ಚು ಎಲ್ಲವೂ ಇವೆ. 58 ಎಂದವರು ಮೋಸ ಮಾಡಿಲ್ಲ. ನಾವು ಬಿಟ್ಟ ಖಾಲಿ ಜಾಗವನ್ನು ತಮಗೆ ಅನುಕೂಲವಾಗುವಂತೆ ತುಂಬಿಕೊಂಡಿದ್ದಾರೆ, ಅಷ್ಟೆ.

ಹತ್ತು ಜಿಎಸ್‌ಎಂ ಏನು ಮಹಾ ಎನ್ನಬೇಡಿ. ಡೆಮಿ 1/8 ಪುಟದ ಅಳತೆ ಸುಮಾರು 14 × 21.6 ಸೆಂ.ಮೀ. ಆ ‘ಸುಮಾರು 200 ಪುಟ’ 192 ಎಂದಿಟ್ಟುಕೊಂಡರೆ 96 ಹಾಳೆ. ಒಟ್ಟು ಸುಮಾರು 2.9 ಚದರ ಮೀಟರ್ ಕಾಗದ. 60 ಜಿಎಸ್‌ಎಂನಲ್ಲಿ ಒಳಪುಟಗಳು 174 ಗ್ರಾಂ ತೂಗಿದರೆ, 70ರಲ್ಲಿ 203 ಗ್ರಾಂ. ಸಾವಿರ ಪ್ರತಿಗೆ 29 ಕಿಲೋ ವ್ಯತ್ಯಾಸ. ಕಾಗದ ಕಿಲೋಗೆ 100 ರೂಪಾಯಿ ಎಂದಿಟ್ಟುಕೊಂಡರೂ ಪ್ರತಿಗೆ ಸುಮಾರು 3 ರೂಪಾಯಿ ಇಲ್ಲೇ ಹೋಯಿತು. ಹೊಲಿಗೆ, ಸಾಗಣೆ, ತೆರಿಗೆ ಸೇರಿಸಿದರೆ 8 ರೂಪಾಯಿಯ ಅಂತರ ಉಳಿಯುವುದೇ ಅನುಮಾನ.

ಹಾಗಾದರೆ ಮೇಲ್ ಹೇಗಿರಬೇಕು? ಹೆಚ್ಚುಕಡಿಮೆ ಹೀಗೆ:

‘ಮಾನ್ಯರೇ, ಡೆಮಿ 1/8, 192 ಪುಟ, ಒಂದೇ ಬಣ್ಣ, ಆಫ್‌ಸೆಟ್ ಮುದ್ರಣ. ಒಳಪುಟ 70 ಜಿಎಸ್‌ಎಂ ಮ್ಯಾಪ್‌ಲಿಥೋ. ರಕ್ಷಾಪುಟ 300 ಜಿಎಸ್‌ಎಂ ಆರ್ಟ್ ಕಾರ್ಡ್, ನಾಲ್ಕು ಬಣ್ಣ, ಹೊರಬದಿಗೆ ಮ್ಯಾಟ್ ಲ್ಯಾಮಿನೇಷನ್. ಸೆಕ್ಷನ್ ಹೊಲಿಗೆ. ಪಿಡಿಎಫ್ ನಾವು ಕೊಡುತ್ತೇವೆ. 500 ಮತ್ತು 1000 ಪ್ರತಿಗೆ ಬೇರೆಬೇರೆ ದರ ತಿಳಿಸಿ. ಮುದ್ರಣ, ಸಾಗಣೆ, ತೆರಿಗೆ ಪ್ರತ್ಯೇಕವಾಗಿ ನಮೂದಿಸಿ. ಪ್ರೂಫ್ ಒಪ್ಪಿದ ಎಷ್ಟು ದಿನಕ್ಕೆ ಪ್ರತಿ ಕೈಸೇರುತ್ತದೆ, ಮುಂಗಡ ಎಷ್ಟು ಎಂದೂ ಬರೆಯಿರಿ. ದರ 30 ದಿನ ಊರ್ಜಿತವಿರಲಿ.’

ಇದೇ ಒಕ್ಕಣೆ ಮೂವರಿಗೂ ಹೋಗಬೇಕು, ಕೊನೆಯ ದಿನಾಂಕವೂ ಒಂದೇ ಇರಬೇಕು. ಒಬ್ಬರು ಫೋನ್ ಮಾಡಿ ‘ಫ್ಲ್ಯಾಪ್ ಬೇಕಾ ಸಾರ್?’ ಎಂದು ಕೇಳಿದರೆ ಆ ಉತ್ತರ ಉಳಿದಿಬ್ಬರಿಗೂ ಮೇಲ್‌ನಲ್ಲಿ ತಲುಪಬೇಕು. ಇಲ್ಲದಿದ್ದರೆ ಹೋಲಿಕೆ ಅಲ್ಲಿಗೇ ಕೆಟ್ಟಿತು.

ಇದಕ್ಕೊಂದು ಆಕ್ಷೇಪ ಇದೆ: ಇಷ್ಟು ಬಿಗಿ ಹಿಡಿದರೆ ಮುದ್ರಕರ ಅನುಭವಕ್ಕೆ ಜಾಗವೆಲ್ಲಿ? ಆಕ್ಷೇಪದಲ್ಲಿ ಹುರುಳಿದೆ. ನಮ್ಮ ಹಸ್ತಪ್ರತಿ 196 ಪುಟಕ್ಕೆ ನಿಂತಿದ್ದರೆ, 16 ಪುಟದ ಫಾರಂ ಲೆಕ್ಕದಲ್ಲಿ ಹನ್ನೆರಡು ಫಾರಂ ಆಗಿ ನಾಲ್ಕು ಪುಟ ಉಳಿಯುತ್ತದೆ. 192ಕ್ಕೆ ಇಳಿಸಿದರೆ ಉಳಿತಾಯ ಎಂದು ಹೇಳಬಲ್ಲವರು ಮುದ್ರಕರೇ. ಆದರೆ ಆ ಸಲಹೆ ಪಡೆಯಲು ಇಡೀ ವಿವರಣೆಯನ್ನು ಸಡಿಲ ಬಿಡಬೇಕಿಲ್ಲ. ‘ಮೊದಲು ಮೇಲಿನ ವಿವರಕ್ಕೇ ದರ ಕೊಡಿ, ನಿಮ್ಮ ಪರ್ಯಾಯ ಸಲಹೆಯನ್ನು ಅದರ ಕೆಳಗೆ ಬೇರೆ ದರದೊಂದಿಗೆ ಬರೆಯಿರಿ’ ಎಂದರೆ ಸಾಕು. ಒಳ್ಳೆಯ ಸಲಹೆ ಬಂದರೆ ವಿವರ ತಿದ್ದಿ ಮೂವರಿಂದಲೂ ಮತ್ತೆ ದರ ಕೇಳಬಹುದು.

ಬಿಗಿಗೂ ಮಿತಿಯಿದೆ. ಇಂಥದೇ ಮಿಲ್‌ನ ಕಾಗದ ಎಂದು ಹಟ ಹಿಡಿದರೆ ಅದು ಕೈಯಲ್ಲಿರುವ ಒಬ್ಬರಿಗೇ ಕೆಲಸ ಬರೆದುಕೊಟ್ಟಂತೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳೂ ವಿವರಣೆ ಸ್ಪಷ್ಟವಾಗಿರಲಿ, ಆದರೆ ಅನಗತ್ಯ ಅಂಶಗಳು ಬೇಡ ಎನ್ನುತ್ತವೆ. ಕಡಿಮೆ ದರಕ್ಕೆ ಜೋತುಬೀಳುವವರು ಸ್ಪಷ್ಟ ವಿವರಣೆ ಎಂಬ ಮೊದಲ ಹೆಜ್ಜೆಯನ್ನೇ ಮರೆಯುತ್ತಾರೆ.

ಅಚ್ಚಿನ ಅಂದ, ಹೇಳಿದ ದಿನಕ್ಕೆ ಕೊಡುವ ಶಿಸ್ತು ಕೊಟೇಶನ್‌ನಲ್ಲಿ ಕಾಣುವುದಿಲ್ಲ. ಅದಕ್ಕೆ ಮುದ್ರಕರು ಹಿಂದೆ ಮುದ್ರಿಸಿದ ಪುಸ್ತಕ ತರಿಸಿ ನೋಡಬೇಕು, ಅವರಿಗೆ ಕೆಲಸ ಕೊಟ್ಟವರನ್ನು ಕೇಳಬೇಕು. ಆದರೆ ನಿಖರ ವಿವರಣೆಯಿಂದ ಇನ್ನೊಂದು ಲಾಭವಿದೆ. ಪುಸ್ತಕ ಬಂದ ದಿನ ರಕ್ಷಾಪುಟ ಬಿಟ್ಟು ತೂಗಿದಾಗ 203ರ ಬದಲು 175 ಗ್ರಾಂ ಬಂದರೆ, ಜಗಳಕ್ಕೆ ನಮ್ಮ ಕೈಯಲ್ಲಿ ಆಧಾರವಿರುತ್ತದೆ. ‘ಒಳ್ಳೆಯ ಕಾಗದ’ ಎಂದು ಬರೆದವರು ಯಾವುದನ್ನು ತೂಗಿ ತೋರಿಸುತ್ತಾರೆ?