ಪುನರ್ಮುದ್ರಿತ ಲೇಖನದ ಉಲ್ಲೇಖಕ್ರಮ

ಸಂಕಲನದಲ್ಲಿ ಓದಿದ ಲೇಖನವನ್ನು ಉದಾಹರಿಸುವವರು ಸಂಕಲನದ ವರ್ಷವನ್ನಷ್ಟೇ ಕೊಟ್ಟು ವಿರಮಿಸುವುದುಂಟು. ಮೈಸೂರಿನಲ್ಲಿ ಜನಿಸಿದ ಎ. ಕೆ. ರಾಮಾನುಜನ್ನರ ‘ಈಸ್ ದೇರ್ ಆನ್ ಇಂಡಿಯನ್ ವೇ ಆಫ್ ಥಿಂಕಿಂಗ್?’ ಎಂಬ ಲೇಖನವನ್ನು ಪರಿಶೀಲಿಸೋಣ. ಕೋಲಾರದಲ್ಲಿಯೋ ಮುಳಬಾಗಿಲಿನಲ್ಲಿಯೋ ಇರುವ ಅಧ್ಯಾಪಕರು ಇದನ್ನು ಸಂಪುಟದಿಂದ ಗ್ರಹಿಸಿ ‘1999’ ಎಂದಷ್ಟೇ ಬರೆದರೆ, 1993ರಲ್ಲಿ ದಿವಂಗತರಾದವರು ಆರು ವರ್ಷಗಳ ತರುವಾಯ ಲೇಖನವನ್ನು ರಚಿಸಿದಂತಾಗುವುದು.

ಹಾಗೆಂದು 1989ನ್ನು ಬರೆದು ಸಂಪುಟದ ಪುಟಾಂಕವನ್ನು ಜೋಡಿಸುವುದೂ ಸಾಧುವಲ್ಲ. ಮೂಲಪತ್ರಿಕೆಯಲ್ಲಿ ಲೇಖನವು 41ರಿಂದ 58ರವರೆಗೆ, ಸಂಪುಟದಲ್ಲಿ 34ರಿಂದ 51ರವರೆಗೆ ವ್ಯಾಪಿಸಿದೆ. ‘ಪುಟ 36’ ಎಂದಿದ್ದರೆ ದೋಷವು ಒಡನೆಯೇ ವ್ಯಕ್ತವಾಗುವುದು. ‘ಪುಟ 45’ ಎಂದಿದ್ದರೆ ಅದು ಎರಡರಲ್ಲಿಯೂ ಇರುವುದರಿಂದ ಓದುಗನು ಅನ್ಯವಾಕ್ಯವನ್ನೇ ಪ್ರಮಾಣವೆಂದು ಭ್ರಮಿಸುವನು.

ಆದುದರಿಂದ ಎರಡನ್ನೂ ಹೀಗೆ ನಮೂದಿಸತಕ್ಕದ್ದು: ‘ಕಾಂಟ್ರಿಬ್ಯೂಷನ್ಸ್ ಟು ಇಂಡಿಯನ್ ಸೋಷಿಯಾಲಜಿ’, ಸಂಪುಟ 23, ಸಂಚಿಕೆ 1, 1989, ಪು. 41–58, ಪುನರ್ಮುದ್ರಣ: ‘ದಿ ಕಲೆಕ್ಟೆಡ್ ಎಸ್ಸೇಸ್ ಆಫ್ ಎ. ಕೆ. ರಾಮಾನುಜನ್’, ಸಂ. ವಿನಯ್ ಧಾರವಾಡಕರ್, ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್, ನವದೆಹಲಿ, 1999, ಪು. 34–51. ಉದ್ಧೃತ ವಾಕ್ಯದ ಪುಟಾಂಕವು ತಾವು ಕಣ್ಣಾರೆ ಕಂಡ ಮುದ್ರಣದ್ದೇ ಆಗಿರಬೇಕು; ಅದು ಯಾವ ಮುದ್ರಣದ್ದೆಂಬುದನ್ನೂ ಅಲ್ಲಿಯೇ ಸೂಚಿಸಬೇಕು. ಮೊದಲನೆಯ ವರ್ಷದಿಂದ ವಿಚಾರದ ಕಾಲವೂ ಎರಡನೆಯದರಿಂದ ಓದಿದ ಪಾಠವೂ ತಿಳಿಯುವುವು.