ನೆನಪೋಲೆಯಲ್ಲಿ ಬಿಟ್ಟುಹೋದ ಉಲ್ಲೇಖ

ನಮ್ಮ ಸರ್ಕಾರಿ ಕಚೇರಿಗಳ ಕನ್ನಡದಲ್ಲಿ ‘ನೆನಪೋಲೆ’ ಎಂಬ ಚೆಂದದ ಪದವೊಂದಿದೆ. ಮೊದಲು ಬರೆದ ಪತ್ರಕ್ಕೆ ಉತ್ತರ ಬಾರದಿದ್ದಾಗ ಕಳಿಸುವ ಪತ್ರ ಅದು. ‘ವಿಷಯ’ ಎಂಬ ಸಾಲಿನ ಕೆಳಗೆ ‘ಉಲ್ಲೇಖ’ ಎಂಬ ಇನ್ನೊಂದು ಸಾಲಿರುತ್ತದೆ. ಹಿಂದಿನ ಪತ್ರ ಯಾವುದು, ಅದರ ದಿನಾಂಕವೇನು ಎಂಬುದು ಅಲ್ಲೇ ಸಿಗುತ್ತದೆ. ಕಡತ ಹುಡುಕಬೇಕಾದ ಗುಮಾಸ್ತರು ಉಳಿದದ್ದನ್ನು ಓದುವ ಮುನ್ನವೇ ಕಪಾಟಿನ ಕಡೆ ಹೋಗಬಹುದು. ಕೆಲಸಕ್ಕೆ ಅರ್ಜಿ ಹಾಕಿ ಒಂದು ವಾರ ಕಳೆದರೂ ಸದ್ದಿಲ್ಲದಿದ್ದಾಗ ಅಭ್ಯರ್ಥಿಗಳು ಕಳಿಸುವ ಇಮೇಲ್ ಕೂಡ ಇದೇ ವಂಶದ್ದು. ಆದರೆ ಕನ್ನಡದಲ್ಲಿ ಬರೆಯುವಾಗ ನಾವು ಹಳೆಯ ಪತ್ರದಿಂದ ಎತ್ತಿಕೊಂಡದ್ದು ಅದರ ಬಾಗುವಿಕೆಯನ್ನು, ಬಿಟ್ಟುಬಂದದ್ದು ಅದರ ಉಲ್ಲೇಖವನ್ನು. ಇಂಥ ಮೇಲ್‌ಗಳು ಕೈಗೂಡದಿರಲು ವಿನಯ ಸಾಲದ್ದು ಕಾರಣವಲ್ಲ, ಓದುವವರಿಗೆ ಹಿಡಿಯಲು ಏನೂ ಸಿಗದಿರುವುದು ಕಾರಣ ಎಂಬುದು ನನ್ನ ವಾದ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಬೆಂಗಳೂರಿನ ಒಂದು ಸಣ್ಣ ಪ್ರಕಾಶನ ಸಂಸ್ಥೆಗೆ ಕರಡು ತಿದ್ದುವವರು ಬೇಕಾಗಿದ್ದಾರೆ. ಅಭ್ಯರ್ಥಿ ಜೂನ್ 3ರಂದು ಅರ್ಜಿ ಕಳಿಸಿದ್ದಾರೆ. ಜೂನ್ 10ರಂದು ಹೋಗುವ ಮೇಲ್ ಸಾಮಾನ್ಯವಾಗಿ ಹೀಗಿರುತ್ತದೆ: “ಮಾನ್ಯರೇ, ತಮ್ಮ ಅಮೂಲ್ಯ ಸಮಯವನ್ನು ತೆಗೆದುಕೊಳ್ಳುತ್ತಿರುವುದಕ್ಕೆ ಕ್ಷಮೆ ಇರಲಿ. ಕಳೆದ ವಾರ ತಮ್ಮ ಸಂಸ್ಥೆಗೆ ಅರ್ಜಿ ಸಲ್ಲಿಸಿದ್ದೆನು. ಇದುವರೆಗೂ ತಮ್ಮಿಂದ ಯಾವುದೇ ಪ್ರತ್ಯುತ್ತರ ಬಂದಿರುವುದಿಲ್ಲ. ದಯಮಾಡಿ ನನ್ನ ಅರ್ಜಿಯನ್ನು ಪರಿಶೀಲಿಸಿ ಅವಕಾಶ ಕಲ್ಪಿಸಿಕೊಡಬೇಕೆಂದು ಕಳಕಳಿಯಿಂದ ಪ್ರಾರ್ಥಿಸುತ್ತೇನೆ.” ವಿಷಯದ ಸಾಲಿನಲ್ಲಿ ‘ನೆನಪಿಗಾಗಿ’ ಎಂದಷ್ಟೇ ಇರುತ್ತದೆ. ಇದನ್ನು ಪ್ರಕಾಶಕರ ಮೇಜಿನ ಕಡೆಯಿಂದ ಓದಿ ನೋಡಿ. ಯಾವ ಹುದ್ದೆ? ಆ ಸಂಸ್ಥೆಗೆ ಅದೇ ವಾರ ಮಾರಾಟದ ಕೆಲಸಕ್ಕೂ ಅರ್ಜಿ ಬಂದಿರಬಹುದು. ‘ಕಳೆದ ವಾರ’ ಎಂದರೆ ಯಾವ ದಿನ? ಅದಕ್ಕಿಂತ ಮುಖ್ಯವಾಗಿ, ಇಲ್ಲಿ ಕೇಳಿರುವ ಪ್ರಶ್ನೆ ಯಾವುದು? ಪ್ರಶ್ನೆಯೇ ಇಲ್ಲ. ಇರುವುದು ಅವಕಾಶ ಕೊಡಿ ಎಂಬ ಬೇಡಿಕೆ. ಅದಕ್ಕೆ ಹೂಂ ಎನ್ನಲು ಆಯ್ಕೆಯೇ ಮುಗಿದಿರಬೇಕು, ಊಹೂಂ ಎನ್ನಲು ಮನಸ್ಸು ಗಟ್ಟಿ ಮಾಡಬೇಕು. ಎರಡೂ ಆಗದವರು ಮೇಲನ್ನು ಹಾಗೇ ಬಿಡುತ್ತಾರೆ.

ಭಾಷೆಯಲ್ಲೂ ಒಂದು ಬಿರುಕಿದೆ. ‘ಪ್ರಾರ್ಥಿಸುತ್ತೇನೆ’ ಎಂಬ ಮಾತು ತಲೆ ಬಾಗಿಸಿ ನಿಂತಿದ್ದರೆ, ‘ಪ್ರತ್ಯುತ್ತರ ಬಂದಿರುವುದಿಲ್ಲ’ ಎಂಬುದು ನೋಟಿಸಿನ ಭಾಷೆ. ಬಾಕಿ ಕಟ್ಟದವರಿಗೆ, ಸಮಜಾಯಿಷಿ ಕೊಡದವರಿಗೆ ಕಚೇರಿಗಳು ಬರೆಯುವ ವಾಕ್ಯ ಹೀಗೇ ಮುಗಿಯುತ್ತದೆ. ಬರೆದವರಿಗೆ ಆ ಉದ್ದೇಶ ಇರುವುದಿಲ್ಲ. ಶಾಲೆಯಲ್ಲಿ ಅರ್ಜಿ ಎಂದರೆ ಹೀಗೇ ಎಂದು ಕಲಿತ ಕೈ ಬರೆದುಕೊಂಡು ಹೋಗುತ್ತದೆ. ಓದುವವರಿಗೆ ಮಾತ್ರ ಒಂದೇ ಉಸಿರಿನಲ್ಲಿ ಬೇಡಿಕೆಯೂ ಆರೋಪವೂ ಕೇಳಿಸುತ್ತವೆ.

ಅದೇ ಮೇಲನ್ನು ಹೀಗೆ ಬರೆಯಬಹುದು: “ನಮಸ್ಕಾರ. ಕರಡು ತಿದ್ದುವ ಕೆಲಸಕ್ಕೆ ಜೂನ್ 3ರಂದು ಅರ್ಜಿ ಕಳಿಸಿದ್ದೆ. ಆ ಮೇಲ್ ಕೆಳಗೇ ಇದೆ. ಅರ್ಜಿ ತಲುಪಿದೆಯೇ, ಆಯ್ಕೆ ಇನ್ನೂ ನಡೆಯುತ್ತಿದೆಯೇ ಎಂದು ತಿಳಿಸಿದರೆ ಉಪಕಾರವಾಗುತ್ತದೆ. ಸ್ವವಿವರದ ಅಕ್ಷರಗಳು ನಿಮ್ಮಲ್ಲಿ ಸರಿಯಾಗಿ ಕಾಣದಿದ್ದರೆ ಎಂದು ಪಿಡಿಎಫ್ ಪ್ರತಿಯನ್ನೂ ಸೇರಿಸಿದ್ದೇನೆ.” ಕೆಳಗೆ ಹೆಸರು, ಫೋನ್ ಸಂಖ್ಯೆ. ಇಲ್ಲಿರುವ ಎರಡೂ ಪ್ರಶ್ನೆಗಳಿಗೆ ‘ತಲುಪಿದೆ, ನಡೆಯುತ್ತಿದೆ’ ಎಂಬೆರಡು ಪದಗಳೇ ಸಾಕು. ಆಯ್ಕೆ ಮುಗಿದಿದ್ದರೆ ‘ಮುಗಿದಿದೆ’ ಎಂದರಾಯಿತು. ಯಾರನ್ನೂ ನೇರವಾಗಿ ನಿರಾಕರಿಸಿದ ಮುಜುಗರ ಅದರಲ್ಲಿಲ್ಲ. ‘ಆ ಮೇಲ್ ಕೆಳಗೇ ಇದೆ’ ಎಂಬುದು ಹಳೆಯ ಉಲ್ಲೇಖದ ಸಾಲಿನ ಇಂದಿನ ರೂಪ. ಕಳಿಸಿದ ಮೇಲನ್ನೇ ತೆರೆದು ಅದಕ್ಕೆ ಉತ್ತರಿಸಿದರೆ ಜಿಮೇಲ್‌ನಲ್ಲಿ ಅದು ಮೊದಲು ಕಳಿಸಿದ ವಿಳಾಸಕ್ಕೇ ಹೋಗುತ್ತದೆ, ಹಳೆಯದು ಹೊಸದರ ಬೆನ್ನಿಗಿರುತ್ತದೆ. ವಿಷಯದ ಸಾಲು ಬದಲಿಸಿದರೆ ಈ ಕೊಂಡಿ ಕಳಚಿ ಮೇಲ್ ಬೇರೆಯಾಗಿ ಬೀಳುತ್ತದೆ. ಹಾಗಾಗಿ ಮೊದಲ ಮೇಲ್‌ನ ವಿಷಯದಲ್ಲಿ ಹುದ್ದೆಯ ಹೆಸರಿದ್ದರೆ ಅದನ್ನು ಮುಟ್ಟಬಾರದು. ಬರೀ ‘ಅರ್ಜಿ’ ಎಂದಿದ್ದರೆ ಮಾತ್ರ ಕೊಂಡಿ ತಪ್ಪಿದರೂ ಪರವಾಗಿಲ್ಲ, ಹುದ್ದೆಯ ಹೆಸರು ಮೇಲೆ ಕಾಣುವುದೇ ಲೇಸು.

ಪಿಡಿಎಫ್‌ನ ಮಾತು ಅಲಂಕಾರಕ್ಕೆ ಹಾಕಿದ್ದಲ್ಲ. ಉತ್ತರ ಬಾರದ್ದು ತಿರಸ್ಕಾರದ ಗುರುತು, ಮತ್ತೆ ಬರೆದು ಪ್ರಯೋಜನವೇನು ಎಂಬ ಆಕ್ಷೇಪಕ್ಕೆ ಉತ್ತರ ಅದರಲ್ಲೇ ಇದೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ, ಯೂನಿಕೋಡ್ ಅಲ್ಲದೆ ಟೈಪ್ ಮಾಡಿದ ವರ್ಡ್ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಕಳಿಸಿದವರ ಪರದೆಯಲ್ಲಿ ಎಲ್ಲವೂ ಚೆನ್ನಾಗಿರುವುದರಿಂದ ಅವರಿಗೆ ಇದು ತಿಳಿಯುವುದೇ ಇಲ್ಲ. ಪಡೆದವರು, ಅದೂ ಕರಡು ತಿದ್ದುವ ಕೆಲಸಕ್ಕೆ ಜನ ಹುಡುಕುತ್ತಿರುವವರು, ಒಂದು ಸಾಲೂ ಓದಲಾಗದೆ ಮುಂದಿನ ಅರ್ಜಿಗೆ ಹೋಗುತ್ತಾರೆ. ಫಾಂಟನ್ನು ಒಳಗೇ ಸೇರಿಸಿಕೊಂಡ ಪಿಡಿಎಫ್‌ನಲ್ಲಿ ಈ ತೊಂದರೆ ಇಲ್ಲ. ಇನ್ನು ಮೇಲ್ ಸ್ಪ್ಯಾಮ್ ಪೆಟ್ಟಿಗೆಗೆ ಬಿದ್ದಿರಬಹುದು, ಅದನ್ನು ನೋಡಬೇಕಾದವರು ರಜೆಯಲ್ಲಿರಬಹುದು. ಮೌನಕ್ಕೆ ಇಷ್ಟು ಕಾರಣಗಳಿರುವಾಗ ಅದನ್ನು ತೀರ್ಪೆಂದು ಓದುವುದು ಅವಸರ. ಆದರೆ ಯೋಗ್ಯತೆಯ ಮೇಲೆ ಆಗಲೇ ಕೈಬಿಟ್ಟ ಅರ್ಜಿಯನ್ನು ಈ ಮೇಲ್ ಮೇಲೆತ್ತುತ್ತದೆ ಎಂದು ನಾನು ಹೇಳುತ್ತಿಲ್ಲ. ಓದದೇ ಹೋದದ್ದನ್ನು ಓದಿಸುವಷ್ಟು ಮಾತ್ರ ಅದರ ಶಕ್ತಿ.

ಹೀಗೆ ಬರೆದರೆ ಒಣಗಿದಂತಿರುತ್ತದೆ, ದೊಡ್ಡವರಿಗೆ ಬರೆಯುವ ರೀತಿಯೇ ಇದು? ಎಂದು ಕೇಳುವವರಿದ್ದಾರೆ. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾರೆ. ಕನ್ನಡದಲ್ಲಿ ಮರ್ಯಾದೆ ತಪ್ಪಿದ ಪತ್ರ ನಿಜಕ್ಕೂ ನೋಯಿಸುತ್ತದೆ. ಆದರೆ ಕನ್ನಡದ ಮರ್ಯಾದೆ ಮುಖ್ಯವಾಗಿ ಇರುವುದು ಕ್ರಿಯಾಪದದಲ್ಲಿ. ‘ತಿಳಿಸಿ’ ಎನ್ನುವುದಕ್ಕೂ ‘ತಿಳಿಸಿದರೆ ಉಪಕಾರವಾಗುತ್ತದೆ’ ಎನ್ನುವುದಕ್ಕೂ ಇರುವ ಅಂತರ ಯಾವ ಓದುಗರಿಗೂ ಗೊತ್ತಾಗುತ್ತದೆ. ಎರಡನೆಯದು ಆಯ್ಕೆಯನ್ನು ಅವರ ಕೈಯಲ್ಲೇ ಬಿಡುತ್ತದೆ. ಅಷ್ಟಾದ ಮೇಲೆ ‘ಅಮೂಲ್ಯ ಸಮಯ’, ‘ಕಳಕಳಿಯ ಪ್ರಾರ್ಥನೆ’ ಇವೆಲ್ಲ ಸೇರಿಸುವುದು ಭಾರವನ್ನೇ ಹೊರತು ಗೌರವವನ್ನಲ್ಲ. ‘ನೀವು’ ಬದಲು ‘ತಾವು’ ಬಳಸಬೇಕೆನಿಸಿದರೆ ಬಳಸಲಿ, ಆದರೆ ಕೊನೆಯವರೆಗೂ ಅದನ್ನೇ ಉಳಿಸಿಕೊಳ್ಳಲಿ.

ವಾರದ ಲೆಕ್ಕವನ್ನೂ ಕಣ್ಣುಮುಚ್ಚಿ ಹಿಡಿಯಬಾರದು. ಜಾಹೀರಾತಿನಲ್ಲಿ ಕೊನೆಯ ದಿನಾಂಕ ಜೂನ್ 20 ಎಂದಿದ್ದರೆ ಜೂನ್ 10ರ ಮೇಲ್‌ಗೆ ಅರ್ಥವಿಲ್ಲ. ಅರ್ಜಿಗಳು ಇನ್ನೂ ಬರುತ್ತಿವೆ. ಆಗ ವಾರ ಎಣಿಸಬೇಕಾದದ್ದು 20ರಿಂದ. ಸಂಪರ್ಕಿಸಬೇಡಿ ಎಂದು ಜಾಹೀರಾತಿನಲ್ಲೇ ಇದ್ದರೆ ಸುಮ್ಮನಿರಬೇಕು. ಲೋಕಸೇವಾ ಆಯೋಗದ ನೇಮಕಾತಿಯಂಥದ್ದು ಅಧಿಸೂಚನೆಯ ಪ್ರಕಾರ ನಡೆಯುವುದರಿಂದ ಈ ಬಗೆಯ ಮೇಲ್‌ಗೆ ಅಲ್ಲಿ ಜಾಗವೇ ಇಲ್ಲ.

ಸರ್ಕಾರಿ ನೆನಪೋಲೆಯ ಹೋಲಿಕೆ ನಿಲ್ಲುವುದು ಎರಡನೆಯ ನೆನಪೋಲೆಯ ಹತ್ತಿರ. ಕಚೇರಿಯಲ್ಲಿ ನೆನಪೋಲೆ-1, ನೆನಪೋಲೆ-2 ಎಂದು ಸಂಖ್ಯೆ ಬೆಳೆಯಬಹುದು, ಏಕೆಂದರೆ ಅಲ್ಲಿ ಉತ್ತರ ಕೊಡುವುದು ಪಡೆದವರ ಕರ್ತವ್ಯ. ಪ್ರಕಾಶಕರಿಗೆ ಅಂಥ ಕಟ್ಟುಪಾಡಿಲ್ಲ. ಜೂನ್ 10ರ ಮೇಲ್‌ಗೂ ಉತ್ತರ ಬಾರದಿದ್ದರೆ, ಅದನ್ನೇ ಮತ್ತೆ ಕಳಿಸಲು ಕಾರಣವಿಲ್ಲ. ಆ ನಡುವೆ ಅಭ್ಯರ್ಥಿ ಬೇರೊಂದು ಪುಸ್ತಕದ ಕರಡು ತಿದ್ದಿ ಮುಗಿಸಿದ್ದರೆ, ಅಥವಾ ಇನ್ನೊಂದು ಕಡೆಯಿಂದ ಕರೆ ಬಂದು ಇಂಥ ದಿನದೊಳಗೆ ಒಪ್ಪಿಗೆ ಹೇಳಬೇಕಾಗಿದ್ದರೆ, ಆ ಒಂದು ಹೊಸ ಸಂಗತಿಯನ್ನು ತಿಳಿಸಲು ಬರೆಯಬಹುದು.